ಬೆಂಕಿಗೆ ಪೆನ್ಸಿಲ್, ಮಳೆಗೆ ಸೂತ್ರ

ಕಾರ್ಟೂನ್ ಚಿತ್ರದಲ್ಲಿ ಒಬ್ಬ ಅಜ್ಜಿಯನ್ನು ನಡೆಸುವುದು ಸುಲಭವಲ್ಲ. ಆದರೂ ಅಲ್ಲಿ ಚಿತ್ರಕಾರನಿಗೆ ಹಿಡಿದುಕೊಳ್ಳಲು ಒಂದು ಮೈ ಇರುತ್ತದೆ. ಮೊಣಕಾಲು ಎಲ್ಲಿ ಮಡಚುತ್ತದೆ, ಭುಜ ಎಷ್ಟು ಇಳಿಯುತ್ತದೆ ಎಂಬುದಕ್ಕೆ ಲೆಕ್ಕವಿದೆ. ಈ ಫ್ರೇಮಿನಲ್ಲಿದ್ದ ಕೈ ಮುಂದಿನ ಫ್ರೇಮಿನಲ್ಲೂ ಅದೇ ಕೈ. ಬೆಂಕಿಗೆ ಈ ಅನುಕೂಲವಿಲ್ಲ. ಈಗ ಎದ್ದ ನಾಲಿಗೆ ಅರೆಕ್ಷಣದಲ್ಲಿ ಕಿತ್ತುಹೋಗಿರುತ್ತದೆ, ಅದರ ಜಾಗದಲ್ಲಿ ಇನ್ನೊಂದು ಏಳುತ್ತಿರುತ್ತದೆ. ಹೊಗೆಗೆ ಅಂಚೇ ನಿಲ್ಲುವುದಿಲ್ಲ. ಮಳೆಯಲ್ಲಂತೂ ಬರೆಯಬೇಕಾದ ವಸ್ತುಗಳ ಸಂಖ್ಯೆಯೇ ಕೈ ಸೋಲಿಸುತ್ತದೆ. ಹಾಗಾಗಿ ಆ್ಯನಿಮೇಷನ್‌ನಲ್ಲಿ ಇವುಗಳನ್ನು ಪಾತ್ರಗಳಿಂದ ಬೇರ್ಪಡಿಸಿ ‘ಎಫೆಕ್ಟ್ಸ್’ ಎಂಬ ಪ್ರತ್ಯೇಕ ವಿಭಾಗಕ್ಕೆ ಕೊಡುವ ರೂಢಿ ಬಂತು.

ಈ ವಿಭಾಗದ ಮುಂದೆ ಇವತ್ತು ಎರಡು ದಾರಿಗಳಿವೆ. ಒಂದು, ಪ್ರತಿಯೊಂದು ಚಿತ್ರವನ್ನೂ ಕೈಯಿಂದ ಬರೆಯುವ ಹಳೆಯ ದಾರಿ. ವಾಲ್ಟ್ ಡಿಸ್ನಿಯ ಸ್ಟುಡಿಯೊ 1937ರಲ್ಲಿ ‘ದಿ ಓಲ್ಡ್ ಮಿಲ್’ ಎಂಬ ಕಿರುಚಿತ್ರ ಮಾಡಿತು. ಪಾಳುಬಿದ್ದ ಗಾಳಿಗಿರಣಿಯೊಂದರಲ್ಲಿ ರಾತ್ರಿ ಕಳೆಯುವ ಹಕ್ಕಿಪಕ್ಷಿಗಳ ಮೇಲೆ ಬಿರುಗಾಳಿ ಮಳೆ ಬರುತ್ತದೆ, ಹೋಗುತ್ತದೆ. ಮಾತಿಲ್ಲ, ಕಥೆಯೂ ಅಷ್ಟೇ. ಗಾಳಿ, ಮಳೆ, ಮಿಂಚುಗಳನ್ನು ಚಿತ್ರದಲ್ಲಿ ನಂಬಿಸಬಹುದೇ ಎಂದು ನೋಡಲು ‘ಸ್ನೋ ವೈಟ್’ಗೆ ಮುಂಚೆ ನಡೆದ ಪರೀಕ್ಷೆ ಅದು. ಆಸ್ಕರ್ ಪ್ರಶಸ್ತಿಯೂ ಬಂತು.

ಇನ್ನೊಂದು ದಾರಿ ಪ್ರೊಸೀಜರಲ್. ಇಲ್ಲಿ ಚಿತ್ರಕಾರ ಚಿತ್ರ ಬರೆಯುವುದಿಲ್ಲ, ಚಿತ್ರ ಹುಟ್ಟುವ ನಿಯಮ ಬರೆಯುತ್ತಾನೆ. ಕಂಪ್ಯೂಟರ್ ಆ ನಿಯಮದಂತೆ ಫ್ರೇಮುಗಳನ್ನು ಹೊರತರುತ್ತದೆ. 1982ರ ‘ಸ್ಟಾರ್ ಟ್ರೆಕ್’ ಚಿತ್ರವೊಂದರಲ್ಲಿ ಇಡೀ ಗ್ರಹವನ್ನು ಆವರಿಸುವ ಬೆಂಕಿಯ ಗೋಡೆಗಾಗಿ ಲೂಕಾಸ್‌ಫಿಲ್ಮ್‌ನ ವಿಲಿಯಂ ರೀವ್ಸ್ ‘ಪಾರ್ಟಿಕಲ್ ಸಿಸ್ಟಂ’ ಬಳಸಿದರು. ಸಾವಿರಾರು ಕಣಗಳಿಗೆ ಹುಟ್ಟು, ವೇಗ, ಆಯಸ್ಸು, ಬಣ್ಣ ಕೊಟ್ಟು ಬಿಟ್ಟುಬಿಡುವ ವಿಧಾನ ಅದು. 1985ರಲ್ಲಿ ಕೆನ್ ಪರ್ಲಿನ್ ಪ್ರಕಟಿಸಿದ ‘ನಾಯ್ಸ್’ ಸೂತ್ರ ಮೋಡದಂತೆ ನಯವಾಗಿ ಏರಿಳಿಯುವ ಬೂದುಬಣ್ಣದ ಹರವನ್ನು ಎಷ್ಟು ಬೇಕಾದರೂ ಕೊಡುತ್ತದೆ. ಇವತ್ತಿನ ಬಹುಪಾಲು ಪ್ರೊಸೀಜರಲ್ ಬೆಂಕಿ, ಹೊಗೆ, ಮಳೆಯ ಬೇರು ಈ ಎರಡರಲ್ಲಿದೆ.

ಯಾವ ದಾರಿ ಒಳ್ಳೆಯದು ಎಂದು ಒಟ್ಟಾರೆಯಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ಒಂದು ದೃಶ್ಯವನ್ನು ಕೈಗೆತ್ತಿಕೊಂಡು ಕೇಳಿದರೆ ಸಿಗುತ್ತದೆ. ಹಾಗಾಗಿ ಹೀಗೊಂದು ಶಾಟ್ ಇದೆ ಎಂದುಕೊಳ್ಳೋಣ. ಮಲೆನಾಡಿನ ಅಡುಗೆಮನೆ. ಎಡಗಡೆ ಒಲೆ, ಅದರ ಮುಂದೆ ಕುಕ್ಕರುಗಾಲಲ್ಲಿ ಅಜ್ಜಿ. ಹೊಗೆ ಅಟ್ಟದ ತೊಲೆಗಳ ಕಡೆಗೆ ಏರುತ್ತಿದೆ. ಬಲಗಡೆ ತೆರೆದ ಬಾಗಿಲಾಚೆ ಅಂಗಳದಲ್ಲಿ ಜಡಿಮಳೆ, ಹಂಚಿನ ಸೂರಿನಿಂದ ನೀರು ಸುರಿಯುತ್ತಿದೆ. ನಾಲ್ಕನೇ ಸೆಕೆಂಡಿನಲ್ಲಿ ಅಜ್ಜಿ ಊದುಗೊಳವೆಯಿಂದ ಒಲೆ ಊದುತ್ತಾಳೆ. ಶಾಟ್ ಒಟ್ಟು 10 ಸೆಕೆಂಡ್, ಸೆಕೆಂಡಿಗೆ 24 ಫ್ರೇಮಿನಂತೆ 240 ಫ್ರೇಮ್. ಕೈಯಿಂದ ಬರೆಯುವಾಗ ಒಂದೊಂದು ಚಿತ್ರವನ್ನೂ ಎರಡೆರಡು ಫ್ರೇಮ್ ನಿಲ್ಲಿಸುವುದು ವಾಡಿಕೆ. ಇದನ್ನು ‘ಟೂಸ್’ ಎನ್ನುತ್ತಾರೆ. ಹಾಗೆ ಮಾಡಿದರೆ ಸೆಕೆಂಡಿಗೆ 12 ಚಿತ್ರ ಸಾಕು.

ಒಲೆಯ ಬೆಂಕಿ

ಬೆಂಕಿ ಬರೆಯುವವನಿಗೆ ಮೊದಲು ಗೊತ್ತಿರಬೇಕಾದದ್ದು ಅದರ ಮಿಡಿತ. ಬುಡದಿಂದ ಒಂದು ಉಬ್ಬು ಹುಟ್ಟಿ, ಅಂಚಿನಗುಂಟ ಮೇಲೇರಿ, ತುದಿಯಲ್ಲಿ ತೆಳುವಾಗಿ ಕಿತ್ತುಹೋಗುತ್ತದೆ. ಅಷ್ಟರಲ್ಲಿ ಕೆಳಗೆ ಇನ್ನೊಂದು ಉಬ್ಬು ಹೊರಟಿರುತ್ತದೆ. ಇದು ಸೆಕೆಂಡಿಗೆ ಎಷ್ಟು ಸಲ ಆಗುತ್ತದೆ ಎಂಬುದು ಬೆಂಕಿಯ ಬುಡದ ಅಗಲವನ್ನು ಅವಲಂಬಿಸಿದೆ. ಅಗಲವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲದಿಂದ 1.5ನ್ನು ಭಾಗಿಸಿದರೆ ಸುಮಾರಾದ ಉತ್ತರ ಬರುತ್ತದೆ. ನಮ್ಮ ಒಲೆಯ ಬೆಂಕಿ 25 ಸೆಂಟಿಮೀಟರ್ ಅಗಲ ಎಂದರೆ ಸೆಕೆಂಡಿಗೆ ಮೂರು ಮಿಡಿತ, ಅಂದರೆ ಒಂದಕ್ಕೆ 8 ಫ್ರೇಮ್. ನಾಲ್ಕು ಮೀಟರ್ ಅಗಲದ ಹೋಳಿ ಬೆಂಕಿಯಾದರೆ ಒಂದು ಮಿಡಿತಕ್ಕೆ 32 ಫ್ರೇಮ್ ಬೇಕು. ಹೋಳಿಯ ಬೆಂಕಿಯನ್ನು ಒಲೆಯ ಬೆಂಕಿಯ ವೇಗದಲ್ಲಿ ಆಡಿಸಿದರೆ ಅದು ಆಟಿಕೆಯಂತೆ ಕಾಣುತ್ತದೆ. ಎಷ್ಟು ಚೆನ್ನಾಗಿ ಬರೆದರೂ ಆ ಕಿರಿತನ ಹೋಗುವುದಿಲ್ಲ, ಏಕೆಂದರೆ ತಪ್ಪು ಗೆರೆಯಲ್ಲಿಲ್ಲ, ಗತಿಯಲ್ಲಿದೆ.

ಟೂಸ್ ಲೆಕ್ಕದಲ್ಲಿ ನಮ್ಮ ಒಲೆಗೆ ಒಂದು ಮಿಡಿತಕ್ಕೆ ನಾಲ್ಕು ಚಿತ್ರ ಸಿಗುತ್ತವೆ. ಉಬ್ಬು ಹುಟ್ಟುವುದು, ಅರ್ಧಕ್ಕೇರುವುದು, ತುದಿ ಮುಟ್ಟುವುದು, ಕಿತ್ತು ಕರಗುವುದು. ಇದಕ್ಕಿಂತ ಕಡಿಮೆಯಾದರೆ ಅಪಾಯ. ಎರಡು ಉಬ್ಬುಗಳ ನಡುವಿನ ಅಂತರದ ಅರ್ಧದಷ್ಟನ್ನು ಒಂದೇ ಹೆಜ್ಜೆಗೆ ದಾಟಿಸಿದರೆ ಅದು ಮೇಲೆ ಹೋಯಿತೋ ಕೆಳಗೆ ಬಂತೋ ಕಣ್ಣಿಗೆ ತಿಳಿಯುವುದಿಲ್ಲ. ಇನ್ನೂ ಹೆಚ್ಚು ದಾಟಿಸಿದರೆ ಬೆಂಕಿ ಕೆಳಮುಖವಾಗಿ ಹರಿದಂತೆ ಕಾಣುತ್ತದೆ. ಹೊಸಬರು ಮಾಡುವ ತಪ್ಪು ಇದಕ್ಕಿಂತ ಸರಳ: ಪ್ರತಿ ಚಿತ್ರಕ್ಕೂ ಚೂಪು ಚೂಪಾದ ಹೊಸ ಆಕಾರ ಬರೆಯುತ್ತಾರೆ, ಹಿಂದಿನ ಚಿತ್ರದ ಉಬ್ಬು ಎಲ್ಲಿಗೆ ಹೋಯಿತೆಂದು ನೋಡುವುದಿಲ್ಲ. ಆಗ ಬೆಂಕಿ ಏರುವುದಿಲ್ಲ, ಇದ್ದಲ್ಲೇ ಕುದಿಯುತ್ತದೆ. ಪರೀಕ್ಷೆ ಸುಲಭ. ಅಂಚಿನ ಒಂದು ತಗ್ಗಿಗೆ ಗುರುತು ಹಾಕಿ ಮುಂದಿನ ಮೂರು ಚಿತ್ರಗಳಲ್ಲಿ ಅದನ್ನು ಹುಡುಕಬೇಕು. ಪ್ರತಿ ಸಲವೂ ಇನ್ನಷ್ಟು ಮೇಲೆ ಸಿಕ್ಕರೆ ಬೆಂಕಿ ಹರಿಯುತ್ತಿದೆ ಎಂದರ್ಥ.

ನಾಲ್ಕೇ ಚಿತ್ರಗಳನ್ನು ಮತ್ತೆ ಮತ್ತೆ ತಿರುಗಿಸಿದರೆ ನೋಡುಗನಿಗೆ ಎರಡನೇ ಸೆಕೆಂಡಿನಲ್ಲೇ ಗುಟ್ಟು ಬಿಟ್ಟುಹೋಗುತ್ತದೆ. ಆದ್ದರಿಂದ ಎತ್ತರ, ಓರೆ ಬೇರೆ ಬೇರೆಯಾದ ಮೂರು ಮಿಡಿತ ಬರೆದು 12 ಚಿತ್ರದ ಒಂದು ಸುತ್ತು ಕಟ್ಟುತ್ತಾರೆ. ಆ ಸುತ್ತಿನಲ್ಲಿ ನೆನಪಲ್ಲಿ ಉಳಿಯುವಂಥ ವಿಶೇಷ ಆಕಾರ ಒಂದೂ ಇರಬಾರದು. ಕೊಕ್ಕಿನಂತೆ ಬಾಗಿದ ಒಂದೇ ಒಂದು ನಾಲಿಗೆ ಇದ್ದರೂ ಸೆಕೆಂಡಿಗೊಮ್ಮೆ ಅದು ತಲೆ ಎತ್ತಿ ಇಡೀ ಸುತ್ತನ್ನು ಹಿಡಿದುಕೊಡುತ್ತದೆ.

ಈಗ ಅಜ್ಜಿ ಊದುವ ಎರಡು ಸೆಕೆಂಡ್. ಇಲ್ಲಿ ಸುತ್ತು ನಡೆಯುವುದಿಲ್ಲ. ಉಸಿರು ತಾಗುತ್ತಲೇ ಜ್ವಾಲೆ ಆಚೆಗೆ ಬಾಗಿ ಕುಗ್ಗುವುದಕ್ಕೆ 4 ಚಿತ್ರ, ಊದುವಷ್ಟು ಹೊತ್ತು ಕಟ್ಟಿಗೆಗೆ ಅಂಟಿಕೊಂಡು ನಡುಗುವುದಕ್ಕೆ 6, ಉಸಿರು ನಿಂತೊಡನೆ ಭುಗ್ಗೆಂದು ಏಳುವುದಕ್ಕೆ 6, ಹೊಸ ಎತ್ತರದಲ್ಲಿ ನೆಲೆಗೊಳ್ಳುವುದಕ್ಕೆ 8. ಒಟ್ಟು 24. ಆಮೇಲಿನ ದೊಡ್ಡ ಬೆಂಕಿಗೆ ಇನ್ನೊಂದು 12ರ ಸುತ್ತು. ಅಲ್ಲಿಗೆ ಇಡೀ ಶಾಟ್‌ಗೆ 48 ಚಿತ್ರ. ಕಿತ್ತಳೆ ಹೊರಮೈ, ಹಳದಿ ಒಳಮೈ ಎರಡನ್ನೂ ಸೇರಿಸಿ ಚಿತ್ರವೊಂದಕ್ಕೆ ಹತ್ತು ನಿಮಿಷ ಎಂದಿಟ್ಟುಕೊಂಡರೂ ಎಂಟು ತಾಸು, ಒಬ್ಬರ ಒಂದು ದಿನದ ಕೆಲಸ.

ಇದನ್ನೇ ಪ್ರೊಸೀಜರಲ್ ಆಗಿ ಮಾಡುವ ಕ್ರಮ ಹೀಗಿದೆ. ಕೆಳಗೆ ಅಗಲ, ಮೇಲೆ ಚೂಪಾದ ಒಂದು ಮಸುಕು ಆಕಾರ ಇಡಬೇಕು. ನಾಯ್ಸ್‌ನ ಬೂದು ಹರವನ್ನು ಅದರ ಮೇಲೆ ಮೇಲ್ಮುಖವಾಗಿ ಜಾರಿಸುತ್ತ, ಆ ಬೂದಿನ ಏರಿಳಿತದಷ್ಟು ಆಕಾರವನ್ನು ಅಲುಗಿಸಬೇಕು. ಕೊನೆಗೆ ಇಷ್ಟಕ್ಕಿಂತ ಹೊಳಪಿದ್ದರೆ ಹಳದಿ, ಇಷ್ಟಿದ್ದರೆ ಕಿತ್ತಳೆ, ಕಡಿಮೆಯಾದರೆ ಏನೂ ಇಲ್ಲ ಎಂದು ಕತ್ತರಿಸಿದರೆ ಮಸುಕು ಹೋಗಿ ಬರೆದಂಥ ಗಟ್ಟಿ ಅಂಚು ಬರುತ್ತದೆ. ಕೈ ಪಳಗಿದವರಿಗೆ ಒಂದು ಗಂಟೆಯೊಳಗಿನ ಕೆಲಸ, 240 ಫ್ರೇಮೂ ಸಿದ್ಧ, ಎಲ್ಲೂ ಮರುಕಳಿಕೆಯಿಲ್ಲ.

ಹಾಗಿದ್ದರೆ ಪೆನ್ಸಿಲ್ ಏಕೆ? ನಾಯ್ಸ್ ಬೆಂಕಿಯನ್ನು ಹತ್ತು ಸೆಕೆಂಡ್ ನೋಡಿದರೆ ಕಾರಣ ತಿಳಿಯುತ್ತದೆ. ಅದು ಸದಾ ಚಲಿಸುತ್ತಿರುತ್ತದೆ, ಆದರೆ ಏನೂ ಘಟಿಸುವುದಿಲ್ಲ. ಮೂರನೇ ಸೆಕೆಂಡೂ ಎಂಟನೇ ಸೆಕೆಂಡೂ ಸರಾಸರಿಯಲ್ಲಿ ಒಂದೇ. ಉಬ್ಬು ಹುಟ್ಟಿ, ಏರಿ, ಕಿತ್ತುಹೋಗುವ ಆದಿ-ಅಂತ್ಯ ಅದಕ್ಕಿಲ್ಲ. ದೂರದ ಮನೆಯ ಕಿಟಕಿಯಲ್ಲಿ ಕಾಣುವ ಬೆಂಕಿಗೆ ಇದು ಧಾರಾಳವಾಗಿ ಸಾಕು. ಊದಿದಾಗ ಬಾಗಬೇಕಾದ ಬೆಂಕಿಗೆ ಸಾಲದು. ಎತ್ತರ, ಓರೆ, ವೇಗಗಳ ಅಂಕಿಗಳನ್ನು ನಾಲ್ಕನೇ ಸೆಕೆಂಡಿನಲ್ಲಿ ಬದಲಾಯಿಸಿ ಬಾಗಿಸಬಹುದಲ್ಲ ಎನ್ನಬಹುದು. ಹೌದು, ಆದರೆ ಅಲ್ಲೊಂದು ಹಳ್ಳ ಕಾದಿರುತ್ತದೆ. ನಾಯ್ಸ್ ಎಷ್ಟು ಮೇಲೆ ಜಾರಿದೆ ಎಂಬುದನ್ನು ಸಾಮಾನ್ಯವಾಗಿ ಮೊದಲ ಸಾಲಿನಂತೆ ಬರೆಯುತ್ತಾರೆ, ಬರೆಯಬೇಕಾದ್ದು ಎರಡನೆಯದರಂತೆ:

```
offset = time * speed
offset = offset + speed / 24
```

ಮೊದಲ ಸಾಲಿನಲ್ಲಿ ವೇಗವನ್ನು 200ರಿಂದ 400ಕ್ಕೆ ಏರಿಸಿದರೆ ಆಗುವುದೇನು? ನಾಲ್ಕನೇ ಸೆಕೆಂಡಿನಲ್ಲಿ 800 ಪಿಕ್ಸೆಲ್ ಜಾರಿದ್ದ ನಾಯ್ಸ್ ಇದ್ದಕ್ಕಿದ್ದಂತೆ 1600ಕ್ಕೆ ನೆಗೆಯುತ್ತದೆ. ವೇಗವನ್ನು ಮೆಲ್ಲನೆ ಏರಿಸಿದರೂ ಆ ಕೆಲವು ಫ್ರೇಮುಗಳಲ್ಲಿ ಬೆಂಕಿ ಗುರುತು ಸಿಗದಷ್ಟು ರಭಸದಿಂದ ಮೇಲೆ ಓಡುತ್ತದೆ. ವೇಗ ಇಳಿಸುವಾಗ ಹಿಮ್ಮುಖವಾಗಿ ಕೆಳಗಿಳಿಯುವುದೂ ಉಂಟು. ಕಳೆದ ಕಾಲವನ್ನೆಲ್ಲ ಹೊಸ ವೇಗದಿಂದ ಗುಣಿಸಿಬಿಟ್ಟಿದ್ದೇ ಇದಕ್ಕೆ ಕಾರಣ. ಎರಡನೇ ಸಾಲು ಪ್ರತಿ ಫ್ರೇಮಿಗೂ ಆಗಿನ ವೇಗದಷ್ಟನ್ನೇ ಕೂಡಿಸುತ್ತ ಹೋಗುತ್ತದೆ, ಹಾಗಾಗಿ ನೆಗೆತವಿಲ್ಲ. ಇದನ್ನು ಸರಿಪಡಿಸಿದ ಮೇಲೂ ಅಜ್ಜಿಯ ಉಸಿರಿಗೆ ಬೆಂಕಿ ಹೆದರಿ ಕುಗ್ಗಿ ಆಮೇಲೆ ಎದ್ದುನಿಂತ ಭಾವ ಬರಬೇಕಾದರೆ ಐದಾರು ಅಂಕಿಗಳನ್ನು ಫ್ರೇಮ್ ಫ್ರೇಮಿಗೂ ತಿದ್ದಬೇಕು. ಅಷ್ಟು ತಿದ್ದುವ ಹೊತ್ತಿಗೆ 24 ಚಿತ್ರ ಬರೆದು ಮುಗಿದಿರುತ್ತದೆ. ಒಲೆಯನ್ನು ಪೆನ್ಸಿಲ್‌ಗೇ ಬಿಡೋಣ.

ಅಂಗಳದ ಮಳೆ

ಮಳೆಯಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಬಾಗಿಲಿನ ಚೌಕಟ್ಟಿನೊಳಗೆ ಒಂದು ಫ್ರೇಮಿಗೆ ನೂರೈವತ್ತು ಗೆರೆ ಬೇಕೆನ್ನಿ. ಯಾವ ಹನಿಗೂ ಸ್ವಂತ ಗುಣವಿಲ್ಲ, ಯಾವುದೂ ಕಥೆಯಲ್ಲಿ ಪಾತ್ರ ವಹಿಸುವುದಿಲ್ಲ, ಆದರೂ ಎಲ್ಲವೂ ಬೇಕು. ಮೊದಲೆಲ್ಲ ಗೆರೆ ತುಂಬಿದ ಕೆಲವೇ ಹಾಳೆಗಳನ್ನು ಬರೆದು ಸುತ್ತು ಹಾಕುತ್ತಿದ್ದರು. ಆರು ಹಾಳೆಯ ಸುತ್ತಾದರೆ ಸೆಕೆಂಡಿಗೆ ನಾಲ್ಕು ಸಲ ತಿರುಗುತ್ತದೆ, ಗೆರೆಗಳ ದಟ್ಟಣೆ ಒಂದೆಡೆ ಸ್ವಲ್ಪ ಹೆಚ್ಚಿದ್ದರೂ ಅಲ್ಲಿ ಮಿಟುಕು ಶುರುವಾಗುತ್ತದೆ. ಏಳು ಹಾಳೆಯದೊಂದು, ಒಂಬತ್ತು ಹಾಳೆಯದೊಂದು ಎಂದು ಎರಡು ಸುತ್ತುಗಳನ್ನು ಒಂದರ ಮೇಲೊಂದು ಇಡುವುದು ಇದಕ್ಕೆ ಜಾಣ ಪರಿಹಾರ; ಆಗ 63 ಫ್ರೇಮಿನವರೆಗೆ ಅದೇ ಜೋಡಿ ಮರಳಿ ಬರುವುದಿಲ್ಲ.

ಪಾರ್ಟಿಕಲ್ ವಿಧಾನದಲ್ಲಿ ಈ ತಾಪತ್ರಯವೇ ಇಲ್ಲ, ಅಂಕಿಗಳನ್ನು ಸರಿಯಾಗಿ ಕೊಡಬೇಕಷ್ಟೆ. ದಪ್ಪ ಮಳೆಹನಿ ಸೆಕೆಂಡಿಗೆ ಹೆಚ್ಚೆಂದರೆ 9 ಮೀಟರ್ ವೇಗದಲ್ಲಿ ಬೀಳುತ್ತದೆ. ಒಂದು ಫ್ರೇಮಿಗೆ ಸುಮಾರು 37 ಸೆಂಟಿಮೀಟರ್. ಅಂಗಳದಾಚೆಯ ಎರಡು ಮೀಟರ್ ಎತ್ತರದ ಗೋಡೆ ಚಿತ್ರದಲ್ಲಿ 400 ಪಿಕ್ಸೆಲ್ ಇದ್ದರೆ, ಗೋಡೆಯ ಬಳಿಯ ಹನಿ ಫ್ರೇಮಿಗೆ 75 ಪಿಕ್ಸೆಲ್ ಇಳಿಯಬೇಕು. ಬಾಗಿಲಿಗೆ ಹತ್ತಿರವಿರುವ ಹನಿ ಅದರ ಎರಡು ಮೂರು ಪಟ್ಟು. ಹೀಗೆ ಹತ್ತಿರ, ನಡು, ದೂರ ಎಂದು ಮೂರು ಲೇಯರ್ ಮಾಡುತ್ತಾರೆ. ದೂರದ್ದು ಕಿರಿದು, ಮಂಕು, ದಟ್ಟ, ನಿಧಾನ. ಹತ್ತಿರದ್ದು ಉದ್ದ, ವಿರಳ, ವೇಗ. ಮೂರಕ್ಕೂ ಒಂದೇ ವೇಗ ಕೊಟ್ಟರೆ ಅಂಗಳದ ಆಳವೆಲ್ಲ ಅಳಿಸಿಹೋಗಿ ಮಳೆ ಗಾಜಿನ ಮೇಲೆ ಎಳೆದ ಗೀಟಾಗುತ್ತದೆ.

ಕಂಪ್ಯೂಟರ್ ಮಳೆಯಲ್ಲಿ ಮತ್ತೆ ಮತ್ತೆ ಕಾಣುವ ದೋಷ ಎರಡು. ಮೊದಲನೆಯದು, ಶಾಟ್ ತೆರೆದಾಗ ಅಂಗಳ ಒಣಗಿರುತ್ತದೆ, ಮೊದಲ ಕೆಲವು ಫ್ರೇಮುಗಳಲ್ಲಿ ಮಳೆ ಮೇಲಿನಿಂದ ಪರದೆಯಂತೆ ಇಳಿಯುತ್ತದೆ. ಹನಿಗಳ ಹುಟ್ಟನ್ನು ಶಾಟ್‌ಗಿಂತ ಒಂದೆರಡು ಸೆಕೆಂಡ್ ಮುಂಚೆಯೇ ಶುರು ಮಾಡಿದರೆ ಇದು ಹೋಗುತ್ತದೆ. ಎರಡನೆಯದು, ಹನಿ ನೆಲಕ್ಕೆ ಬಡಿಯುವ ಜಾಗಕ್ಕೂ ಚಿಮ್ಮುವ ಜಾಗಕ್ಕೂ ಸಂಬಂಧವೇ ಇರುವುದಿಲ್ಲ. ಇಲ್ಲಿ ಕೈ ಮತ್ತು ಸೂತ್ರ ಸೇರಿದರೆ ಚೆನ್ನ. ಬಡಿತ, ಕಿರೀಟದಂತೆ ಏಳುವ ನೀರು, ಸಿಡಿವ ತುಣುಕು, ಹರಡುವ ಉಂಗುರ ಹೀಗೆ ಐದು ಚಿತ್ರದ ಒಂದು ಚಿಮ್ಮನ್ನು ಕೈಯಲ್ಲಿ ಬರೆದು, ಅದನ್ನು ಅಂಗಳದ ನೆಲದ ಮೇಲೆ ಮಾತ್ರ, ಬೇರೆ ಬೇರೆ ಅಳತೆಯಲ್ಲಿ, ಬೇರೆ ಬೇರೆ ಹೊತ್ತಿಗೆ ಎರಚುವಂತೆ ಕಂಪ್ಯೂಟರ್‌ಗೆ ಹೇಳಬೇಕು. ಆಕಾರ ಮನುಷ್ಯನದು, ಎಣಿಕೆ ಯಂತ್ರದ್ದು.

ಸೂರಿನ ನೀರನ್ನು ಮಾತ್ರ ಈ ಗುಂಪಿಗೆ ಸೇರಿಸಬಾರದು. ಆಕಾಶದಿಂದ ಬಂದ ಹನಿ ಗಾಳಿಯ ತಡೆಯಿಂದ ತನ್ನ ಗರಿಷ್ಠ ವೇಗ ಮುಟ್ಟಿ ಆಗಿದೆ, ಆದ್ದರಿಂದ ಪ್ರತಿ ಫ್ರೇಮಿಗೂ ಒಂದೇ ಅಂತರ ಇಳಿಯುತ್ತದೆ. ಹಂಚಿನ ತುದಿಯಿಂದ ಕಳಚಿದ ಹನಿ ನಿಂತಲ್ಲಿಂದ ಹೊರಡುತ್ತದೆ. ಅದು 4 ಫ್ರೇಮಿಗೆ 14 ಸೆಂಟಿಮೀಟರ್ ಬಿದ್ದಿದ್ದರೆ 8 ಫ್ರೇಮಿಗೆ 54, 16 ಫ್ರೇಮಿಗೆ ಎರಡು ಮೀಟರ್ ದಾಟಿರುತ್ತದೆ. ಎರಡೂವರೆ ಮೀಟರ್ ಎತ್ತರದ ಸೂರಿನಿಂದ ನೆಲ ಮುಟ್ಟಲು 17 ಫ್ರೇಮ್. ಮಳೆಯೂ ಸೂರಿನ ಹನಿಯೂ ಒಂದೇ ಗತಿಯಲ್ಲಿ ಬಿದ್ದರೆ ನೋಡುಗನಿಗೆ ಏನು ತಪ್ಪಿದೆ ಎಂದು ಹೇಳಲು ಬಾರದಿದ್ದರೂ ಸೂರು ಸೂರಿನಂತೆ ಅನ್ನಿಸುವುದಿಲ್ಲ. ಹಂಚಿನ ಸಾಲು ಎಂಟೋ ಹತ್ತೋ ಇರುವುದರಿಂದ, ಪ್ರತಿ ಸಾಲಿನ ಹನಿ ಯಾವಾಗ ಕಳಚಬೇಕೆಂದು ಕೈಯಿಂದಲೇ ಗೊತ್ತುಪಡಿಸುವುದು ಕಷ್ಟವೂ ಅಲ್ಲ.

ನಡುವಿನ ಹೊಗೆ

ಹೊಗೆ ಬೆಂಕಿಯಂತೆ ಆಕಾರವುಳ್ಳದ್ದು, ಮಳೆಯಂತೆ ಲೆಕ್ಕ ತಪ್ಪಿಸುವಂಥದ್ದು. ಕೈಯಿಂದ ಬರೆಯುವವರು ಇಡೀ ಹೊಗೆಯನ್ನು ನೋಡುವುದಿಲ್ಲ, ಸುರುಳಿಗಳನ್ನು ನೋಡುತ್ತಾರೆ. ಬಿಸಿಗಾಳಿ ನಡುವಿನಿಂದ ಏರಿ ಅಂಚಿನಲ್ಲಿ ಹೊರಳುವುದರಿಂದ ಬಲ ಅಂಚಿನ ಸುರುಳಿ ಗಡಿಯಾರದ ಮುಳ್ಳಿನ ದಿಕ್ಕಿಗೆ, ಎಡ ಅಂಚಿನದು ಅದರ ವಿರುದ್ಧಕ್ಕೆ ತಿರುಗುತ್ತದೆ. ಏರುತ್ತ ಏರುತ್ತ ಸುರುಳಿ ಅಕ್ಕಪಕ್ಕದ ಗಾಳಿಯನ್ನು ಒಳಗೆಳೆದುಕೊಂಡು ಹಿಗ್ಗುತ್ತದೆ, ನಿಧಾನವಾಗುತ್ತದೆ. ಕರಗುವಾಗ ಅಂಚಿನಿಂದ ಸವೆಯುವುದಕ್ಕಿಂತ ಹೆಚ್ಚಾಗಿ ನಡುವೆ ತೂತು ಬಿದ್ದು, ತೂತು ದೊಡ್ಡದಾಗಿ, ಎಳೆಗಳಷ್ಟೇ ಉಳಿದು ಇಲ್ಲವಾಗುತ್ತದೆ. ನಮ್ಮ ಅಡುಗೆಮನೆಯಲ್ಲಿ ಇನ್ನೊಂದು ಹಂತವಿದೆ: ಅಟ್ಟ ತಾಗಿದ ಹೊಗೆ ಅಡ್ಡಕ್ಕೆ ಹರಡಿ ತೊಲೆಗಳ ಕೆಳಗೆ ಪದರವಾಗಿ ನಿಲ್ಲಬೇಕು. ಗತಿ ನಿಧಾನವಾದ್ದರಿಂದ ಒಂದು ಚಿತ್ರವನ್ನು ಮೂರು ಫ್ರೇಮ್ ನಿಲ್ಲಿಸಿದರೂ ನಡೆಯುತ್ತದೆ. ಆದರೂ 80 ಚಿತ್ರ, ಪ್ರತಿಯೊಂದರಲ್ಲೂ ಏಳೆಂಟು ಸುರುಳಿ. ಒಂದು ಸುರುಳಿಯ ಜಾಡು ತಪ್ಪಿದರೂ ಹೊಗೆ ಹೂಕೋಸಿನಂತೆ ಇದ್ದಲ್ಲೇ ಉಬ್ಬಿ ಇಳಿಯತೊಡಗುತ್ತದೆ.

ಕಂಪ್ಯೂಟರ್‌ನಲ್ಲಿ ಹೊಗೆಯನ್ನು ದ್ರವದಂತೆ ಲೆಕ್ಕ ಹಾಕಿ ಹರಿಸಬಹುದು. ಚಿತ್ರವನ್ನು ಚೌಕುಳಿಗಳಾಗಿ ಒಡೆದು, ಪ್ರತಿ ಚೌಕದಲ್ಲೂ ಗಾಳಿ ಎತ್ತ ಎಷ್ಟು ಹರಿಯುತ್ತಿದೆ ಎಂದು ಫ್ರೇಮ್ ಫ್ರೇಮಿಗೂ ಲೆಕ್ಕ ಮಾಡುತ್ತಾರೆ. 1999ರಲ್ಲಿ ಯೋಸ್ ಸ್ಟಾಮ್ ಕೊಟ್ಟ ವಿಧಾನ ಈ ಲೆಕ್ಕವನ್ನು ಹೇಗೆ ಮಾಡಿದರೂ ಸಿಡಿದುಹೋಗದಂತೆ ಮಾಡಿತು. ಅದಕ್ಕೆ ತೆತ್ತ ಬೆಲೆಯೆಂದರೆ ಸಣ್ಣ ಸುರುಳಿಗಳು ಬೇಗ ಸತ್ತು ಹೊಗೆ ಮಂಜಿನಂತೆ ಮಂಕಾಗುವುದು. ಕಳೆದ ಸುರುಳಿಗಳನ್ನು ಮತ್ತೆ ತಿರುಗಿಸಲು ಒಂದಿಷ್ಟು ಬಲವನ್ನು ಹೊರಗಿನಿಂದ ಸೇರಿಸುವ ಉಪಾಯ ಎರಡು ವರ್ಷದ ನಂತರ ಬಂತು. ಈಗ ಇದೆಲ್ಲ ಬ್ಲೆಂಡರ್‌ನಂಥ ಉಚಿತ ಸಾಫ್ಟ್‌ವೇರ್‌ನಲ್ಲೇ ಸಿಗುತ್ತದೆ.

ಚಲನೆ ನಿಜವಾದರೂ ಮೈ ಹೊಂದುವುದಿಲ್ಲ. ಅಜ್ಜಿ ಗೆರೆ ಮತ್ತು ಸಪಾಟು ಬಣ್ಣದಲ್ಲಿದ್ದಾಳೆ, ಹೊಗೆ ಫೋಟೊದಂತೆ ಮೃದುವಾಗಿದೆ. ಎರಡನ್ನು ಒಂದೇ ಲೋಕಕ್ಕೆ ತರಲು ಹೊಗೆಯನ್ನೂ ಎರಡು ಛಾಯೆಗೆ ಕತ್ತರಿಸಬೇಕು. ಕತ್ತರಿಸಿದೊಡನೆ ಅಂಚಿನಲ್ಲಿ ಸಣ್ಣ ಚುಕ್ಕಿಗಳು ಹುಟ್ಟಿ ಸಾಯುತ್ತ ಮಿನುಗತೊಡಗುತ್ತವೆ. ಕತ್ತರಿಸುವ ಮುಂಚೆ ಸ್ವಲ್ಪ ಮಸುಕು ಮಾಡಿದರೆ ಕಡಿಮೆಯಾಗುತ್ತದೆ, ಆದರೆ ಸುರುಳಿಯ ಚೂಪೂ ಹೋಗುತ್ತದೆ. ಈ ಶಾಟ್‌ಗೆ ಒಪ್ಪುವುದು ಮೂರನೆಯ ಕ್ರಮ. ಹೊಗೆಯ ಲೆಕ್ಕವನ್ನು ಕಂಪ್ಯೂಟರ್‌ನಿಂದ ಮಾಡಿಸಿ, ಆ ಫ್ರೇಮುಗಳನ್ನು ಕೆಳಗಿಟ್ಟುಕೊಂಡು, ಮುಖ್ಯ ನಾಲ್ಕೈದು ಸುರುಳಿಗಳನ್ನಷ್ಟೇ ಕೈಯಿಂದ ಮೇಲೆ ಬರೆಯುವುದು. ಯಾವ ಸುರುಳಿ ಎಲ್ಲಿ ಹೋಗುತ್ತದೆಂಬ ತಲೆನೋವು ಯಂತ್ರಕ್ಕೆ, ಯಾವುದನ್ನು ಉಳಿಸಬೇಕು ಯಾವುದನ್ನು ಬಿಡಬೇಕು ಎಂಬ ಆಯ್ಕೆ ಚಿತ್ರಕಾರನಿಗೆ. ಅಟ್ಟದ ಕೆಳಗಿನ ಮಂದ ಪದರವನ್ನು ಮಾತ್ರ ಪೂರ್ತಿ ನಾಯ್ಸ್‌ಗೆ ಬಿಡಬಹುದು. ಅಲ್ಲಿ ಯಾರೂ ಒಂದು ಸುರುಳಿಯನ್ನು ಹಿಂಬಾಲಿಸುವುದಿಲ್ಲ.

ಒಂದೇ ಚೌಕಟ್ಟಿನಲ್ಲಿ

ಮೂರನ್ನೂ ಒಟ್ಟಿಗೆ ಇಟ್ಟಾಗ ಕೊನೆಯ ತೊಡಕು ಎದುರಾಗುತ್ತದೆ. ಅಜ್ಜಿ ಮತ್ತು ಒಲೆಯ ಬೆಂಕಿ ಟೂಸ್‌ನಲ್ಲಿ, ಸೆಕೆಂಡಿಗೆ 12 ಸಲ ಬದಲಾಗುತ್ತವೆ. ಕಂಪ್ಯೂಟರ್ ಕೊಟ್ಟ ಹೊಗೆಯ ಪದರ ಮತ್ತು ಕಿಡಿಗಳು 24 ಸಲ. ಈ ನಯವಾದ ಚಲನೆ ಚಿತ್ರದೊಳಗೆ ಇರದೆ, ಮೇಲೆ ಅಂಟಿಸಿದಂತೆ ತೇಲುತ್ತದೆ. ಹೊಗೆ, ಕಿಡಿಗಳನ್ನೂ ಎರಡು ಫ್ರೇಮಿಗೊಮ್ಮೆ ಬದಲಾಗುವಂತೆ ತಡೆದರೆ ಕೂಡಲೇ ಕೂಡಿಕೊಳ್ಳುತ್ತವೆ. ಮಳೆಯನ್ನು ಮಾತ್ರ ತಡೆಯಬಾರದು. ಫ್ರೇಮಿಗೆ 75 ಪಿಕ್ಸೆಲ್ ಇಳಿಯುವ ಹನಿ ಎರಡು ಫ್ರೇಮಿಗೊಮ್ಮೆ 150 ಪಿಕ್ಸೆಲ್ ನೆಗೆದರೆ ಮಳೆ ಸುರಿಯುವ ಬದಲು ಮಿಟುಕುತ್ತದೆ. ಯಾದೃಚ್ಛಿಕ ಹನಿಗಳಿಗೆ ಮೂಲವಾದ ‘ಸೀಡ್’ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಬೇಕು. ಇಲ್ಲವಾದರೆ ಆರು ಫ್ರೇಮ್ ಸರಿಪಡಿಸಲು ಮತ್ತೆ ರೆಂಡರ್ ಮಾಡಿದಾಗ ಬೇರೆಯೇ ಮಳೆ ಬಂದು ಜೋಡಣೆಯಲ್ಲಿ ನೆಗೆತ ಕಾಣಿಸುತ್ತದೆ.

ಖರ್ಚಿನ ನಿಜವಾದ ಪರೀಕ್ಷೆ ಬರುವುದು ನಿರ್ದೇಶಕರು ಶಾಟ್ ನೋಡಿದ ಮೇಲೆ. ‘ಮಳೆ ಇನ್ನೂ ಜೋರಾಗಲಿ, ಬಲದಿಂದ ಇರಚಲು ಹೊಡೆಯಲಿ’ ಎಂದರೆ ಸೂತ್ರದವರು ಎರಡು ಅಂಕಿ ಬದಲಿಸಿ ಊಟದೊಳಗೆ ಹೊಸ ಮಳೆ ತೋರಿಸುತ್ತಾರೆ. ಕೈಯಲ್ಲಿ ಬರೆದಿದ್ದರೆ ಎಲ್ಲ ಹಾಳೆಗಳೂ ದಂಡ. ‘ಊದಿದಾಗ ಬೆಂಕಿ ಮೊದಲು ಸತ್ತೇಹೋಯಿತು ಅನ್ನಿಸಿ ಆಮೇಲೆ ಏಳಲಿ’ ಎಂದರೆ ಪೆನ್ಸಿಲ್‌ನವರು ನಡುವಿನ ಹತ್ತು ಚಿತ್ರ ತೆಗೆದು ಬೇರೆ ಹತ್ತು ಬರೆಯುತ್ತಾರೆ. ಆ ಮಾತನ್ನು ಅಂಕಿಗೆ ತರ್ಜುಮೆ ಮಾಡಲು ಹೊರಟವರು ಸಂಜೆಯವರೆಗೆ ತಡಕಾಡುತ್ತಾರೆ. ಆದ್ದರಿಂದ ಒಂದು ಎಫೆಕ್ಟನ್ನು ಯಾರಿಗೆ ಕೊಡಬೇಕೆಂದು ತೀರ್ಮಾನಿಸುವ ಮುಂಚೆ, ಅದರ ಬಗ್ಗೆ ಬರಬಹುದಾದ ತಿದ್ದುಪಡಿ ಅಳತೆಯದೋ ಅಭಿನಯದ್ದೋ ಎಂದು ಕೇಳಿಕೊಂಡರೆ ಸಾಕು. ಅಳತೆಯದಾದರೆ ಸೂತ್ರ, ಅಭಿನಯದ್ದಾದರೆ ಪೆನ್ಸಿಲ್.